ಬಾಗಿದ ಕಂಬ, ಹಳೆಯ ಫೋರ್ಕ್‌ಲಿಫ್ಟ್: ಆಡಳಿತದ ಮುಂದೆ ಇಡುವ ಲೆಕ್ಕ

ಹಳೆಯ ಗೋದಾಮಿನ ಮ್ಯಾನೇಜರ್ ಆಡಳಿತಕ್ಕೆ ಬರೆಯುವ ಟಿಪ್ಪಣಿ ಟೇಪಿನಿಂದ ಶುರುವಾಗಬೇಕು. ಸರಕು ಪೇರಿಸುವ ರ‍್ಯಾಕಿನ ಕಂಬಕ್ಕೆ ಒಂದು ಮೀಟರ್ ಉದ್ದದ ನೇರ ಪಟ್ಟಿ ಹಿಡಿದು, ನಡುವಿನ ಬಾಗು ಅಳೆಯುತ್ತಾರೆ. ಯುರೋಪಿನ ಇಎನ್ 15635 ಮಾನದಂಡದ ಪ್ರಕಾರ ಅಡ್ಡತೊಲೆಗಳ ದಿಕ್ಕಿನಲ್ಲಿ 5 ಮಿಲಿಮೀಟರ್, ಕಂಬಗಳ ಚೌಕಟ್ಟಿನ ದಿಕ್ಕಿನಲ್ಲಿ 3 ಮಿಲಿಮೀಟರ್ ಮಿತಿ. ಮಿತಿಯ ದುಪ್ಪಟ್ಟು ದಾಟಿದರೆ ಆ ಅಂಕಣವನ್ನು ತಕ್ಷಣ ಖಾಲಿ ಮಾಡಬೇಕು.

ಇಂಥ ಕಂಬಗಳ ದುರಸ್ತಿಗೆ ಲಾಭದ ಲೆಕ್ಕ ಕೇಳುವಂತಿಲ್ಲ. ಅದು ಮಾಡಲೇಬೇಕಾದ ವೆಚ್ಚ. ಟಿಪ್ಪಣಿಯಲ್ಲಿ ಅದನ್ನು ಪ್ರತ್ಯೇಕವಾಗಿ ತೋರಿಸಬೇಕು.

ಫೋರ್ಕ್‌ಲಿಫ್ಟ್ ಬದಲಾವಣೆಯ ಲೆಕ್ಕ ಬೇರೆ. ನೆಲಮಂಗಲದ ಬಳಿ ಒಂದು ಗೋದಾಮು ಇದೆ ಎಂದುಕೊಳ್ಳೋಣ. ಅಲ್ಲಿನ ಹಳೆಯ ಡೀಸೆಲ್ ಗಾಡಿ ಗಂಟೆಗೆ 3 ಲೀಟರ್ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿಯಂತೆ 270 ರೂಪಾಯಿ. ಬ್ಯಾಟರಿ ಗಾಡಿಗೆ ಗಂಟೆಗೆ 6 ಯೂನಿಟ್, ಯೂನಿಟ್‌ಗೆ 9 ರೂಪಾಯಿ ಎಂದರೆ 54 ರೂಪಾಯಿ. ಉಳಿತಾಯ 216. ವರ್ಷಕ್ಕೆ 2,000 ಗಂಟೆ ಓಡಿದರೆ 4.32 ಲಕ್ಷ. ಹೊಸದಕ್ಕೆ 16 ಲಕ್ಷ ಕೊಟ್ಟು, ಹಳೆಯದನ್ನು 2 ಲಕ್ಷಕ್ಕೆ ಮಾರಿದರೆ, ಹಾಕಿದ ಹಣ ಸುಮಾರು ಮೂರೂಕಾಲು ವರ್ಷದಲ್ಲಿ ಹಿಂದಿರುಗುತ್ತದೆ.

ಆದರೆ ಗಾಡಿ 1,000 ಗಂಟೆಯಷ್ಟೇ ಓಡಿದರೆ? ಆಗ ಆರೂವರೆ ವರ್ಷ ಬೇಕು. ಹಾಗಾಗಿ ಅಂದಾಜಿನ ಬದಲು ಗಾಡಿಯ ಗಂಟೆ ಮೀಟರನ್ನು ಮೂರು ತಿಂಗಳು ಬರೆದಿಟ್ಟು ಲಗತ್ತಿಸುವುದು ಒಳ್ಳೆಯದು.

ಕೊಳ್ಳುವ ಮುನ್ನ ಇನ್ನೊಂದು ಅಳತೆ ಬಾಕಿಯಿದೆ. ಹೊಸ ಗಾಡಿ ತಿರುಗಲು ಬೇಕಾದ ಜಾಗಕ್ಕಿಂತ ರ‍್ಯಾಕಿನ ನಡುವಿನ ಓಣಿ ಕಿರಿದಾದರೆ, ಹೊಸ ಕಂಬಗಳಿಗೂ ಅದೇ ಪೆಟ್ಟು ಬೀಳುತ್ತದೆ. ಎರಡನ್ನೂ ಒಂದೇ ಟಿಪ್ಪಣಿಯಲ್ಲಿ ಕೇಳಲು ಇದೇ ಕಾರಣ.