ಶನಿವಾರ 11ಕ್ಕೆ, ಕವರ್ ಸಮೇತ ಬನ್ನಿ

ತಾಲ್ಲೂಕು ಕೋರ್ಟಿನ ವಕೀಲರೊಬ್ಬರು ತವರಿನ ಜಮೀನಿನಲ್ಲಿ ಪಾಲು ಕೇಳಲು ಹೊರಟ ಹೆಣ್ಣುಮಗಳೊಬ್ಬಳಿಗೆ ವಾಟ್ಸಾಪಿನಲ್ಲಿ ಹೀಗೊಂದು ಚೀಟಿ ಕಳಿಸಿದ್ದಾರೆ ಎಂದುಕೊಳ್ಳಿ.

"ನಮಸ್ಕಾರ ಅಮ್ಮಾ. ಶನಿವಾರ ಬೆಳಿಗ್ಗೆ 11ಕ್ಕೆ ಆಫೀಸಿಗೆ ಬನ್ನಿ, ಒಂದು ಗಂಟೆ ಬಿಡುವು ಮಾಡಿಕೊಂಡಿರಿ. ಜಮೀನಿನ ಈಗಿನ ಪಹಣಿ, ತಂದೆಯವರ ಕಾಲದ ಹಳೆ ಪಹಣಿ, ಮ್ಯುಟೇಶನ್ ಪ್ರತಿ, ಇಸಿ, ತಂದೆಯವರ ಮರಣ ಪ್ರಮಾಣಪತ್ರ, ವಂಶವೃಕ್ಷ, ನಿಮ್ಮ ಆಧಾರ್ ತನ್ನಿ. ನೋಟಿಸ್ ಬಂದಿದ್ದರೆ ಕವರ್ ಸಮೇತ. ನೀವು ಎಲ್ಲಾದರೂ ಸಹಿ, ಹೆಬ್ಬೆಟ್ಟು ಹಾಕಿದ್ದರೆ ಆ ಕಾಗದದ ನಕಲು. ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಟ್ಟು ಹೋಗಿ. ಅಲ್ಲಿವರೆಗೆ ಯಾರು ಏನು ಕೊಟ್ಟರೂ ಸಹಿ ಹಾಕಬೇಡಿ."

ಇಷ್ಟುದ್ದದ ಪಟ್ಟಿ ನೋಡಿ, ಕಥೆ ಕೇಳುವ ಮೊದಲೇ ಕಾಗದ ಕೇಳುತ್ತಾರಲ್ಲ ಎಂದು ಕಕ್ಷಿದಾರರು ಗೊಣಗುವುದುಂಟು. ಆದರೆ ಕಥೆಯ ಮುಕ್ಕಾಲು ಪಾಲು ಆ ಕಾಗದಗಳಲ್ಲೇ ಇರುತ್ತದೆ.

ಪಹಣಿಯನ್ನೇ ನೋಡಿ. ಮನೆಯವರೆಲ್ಲ ಓದುವುದು 9ನೇ ಕಾಲಂ, ಅಂದರೆ ಯಾರ ಹೆಸರಿದೆ ಎಂಬುದನ್ನು. ವಕೀಲರ ಕಣ್ಣು ಹೋಗುವುದು ಪಕ್ಕದ 10ನೇ ಕಾಲಮಿಗೆ. ಆ ಹೆಸರು ಹೇಗೆ ಬಂತು ಎಂಬುದೂ ಎಂಆರ್ ಸಂಖ್ಯೆಯೂ ಇರುವುದು ಅಲ್ಲಿ. ಈಕೆಯ ಪಹಣಿಯಲ್ಲಿ ಅಣ್ಣನೊಬ್ಬನ ಹೆಸರೇ ಇದೆ. ಆ ಎಂಆರ್ ಹಿಡಿದು ಮ್ಯುಟೇಶನ್ ಪ್ರತಿ ತೆಗೆದಾಗ 'ಪೌತಿ' ಎಂದಿದ್ದರೆ, ಅಪ್ಪ ತೀರಿಕೊಂಡ ಮೇಲೆ ಖಾತೆ ಬದಲಾಯಿತು ಎಂದಷ್ಟೇ ಅರ್ಥ. ಖಾತೆಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ತಂಗಿಯ ಹಕ್ಕು ಹೋಗುವುದಿಲ್ಲ. ಕಂದಾಯ ದಾಖಲೆ ಮಾಲೀಕತ್ವವನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ. 'ವಿಭಾಗ' ಎಂದಿದ್ದರೆ ಮಾತು ಬೇರೆ. ಆಗ ಪಾಲುಪತ್ರದ ತಾರೀಕು ಬೇಕು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದ ಮೂಲಕವೋ ಕೋರ್ಟ್ ಡಿಕ್ರಿಯ ಮೂಲಕವೋ ಪಾಲಾಗಿದ್ದರೆ, 2005ರ ತಿದ್ದುಪಡಿ ಅದನ್ನು ಮುಟ್ಟುವುದಿಲ್ಲ.

ಹಳೆ ಪಹಣಿ ಕೇಳುವುದಕ್ಕೂ ಕಾರಣವಿದೆ. ಜಮೀನು ಅಜ್ಜನಿಂದ ಇಳಿದು ಬಂದದ್ದೋ, ಅಪ್ಪ ಸ್ವಂತ ದುಡ್ಡಿನಲ್ಲಿ ಕೊಂಡದ್ದೋ? ಪಿತ್ರಾರ್ಜಿತವಾದರೆ ಮಗಳಿಗೆ ಹುಟ್ಟಿನಿಂದಲೇ ಹಕ್ಕು. 2005ರಲ್ಲಿ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿಯಾಗಿದೆ. ಅಪ್ಪನ ಸ್ವಯಾರ್ಜಿತವಾದರೆ ಮೊದಲು ಏಳುವುದು ವಿಲ್ ಇದೆಯೇ ಎಂಬ ಪ್ರಶ್ನೆ. ವಿಲ್ ಇಲ್ಲದಿದ್ದರೆ ಅವಳೂ ವಾರಸುದಾರಳೇ.

ಚೀಟಿಯಲ್ಲಿ ಹೆಚ್ಚು ತೂಕದ ಸಾಲು ಸಹಿಯದ್ದು. "ನಾನು ಎಲ್ಲೂ ಸಹಿ ಮಾಡಿಲ್ಲ ಸಾರ್" ಎಂದು ಆಕೆ ನಿಜವಾಗಿ ನಂಬಿಯೇ ಹೇಳುತ್ತಾಳೆ. ಆದರೆ ಇಸಿಯಲ್ಲಿ, ಅಪ್ಪನ ತಿಥಿ ಮುಗಿದ ತಿಂಗಳಲ್ಲೇ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರವೊಂದು ಕಾಣುತ್ತದೆ. "ಖಾತೆಗೆ ಬೇಕು, ಬಂದು ಒಂದು ಸಹಿ ಹಾಕು" ಎಂದು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದ ದಿನದ ಕಾಗದ ಅದು. ಅಲ್ಲಿಗೆ ಬರೀ ಪಾಲಿನ ದಾವೆ ಸಾಲದು, ಆ ಪತ್ರವನ್ನೂ ಪ್ರಶ್ನಿಸಬೇಕು. ಪತ್ರ ರದ್ದು ಕೋರಲು ಸಾಮಾನ್ಯವಾಗಿ ಇರುವ ಅವಧಿ, ವಿಷಯ ಗೊತ್ತಾದ ದಿನದಿಂದ 3 ವರ್ಷ ಮಾತ್ರ. ಹಾಗಾಗಿ "ನಿಮಗೆ ಯಾವಾಗ ಗೊತ್ತಾಯಿತು?" ಎಂದು ವಕೀಲರು ಪದೇ ಪದೇ ಕೇಳಿದರೆ ಅದು ಅನುಮಾನವಲ್ಲ, ಲೆಕ್ಕ.

ಇಸಿಗೂ ಮಿತಿಯಿದೆ. ನೋಂದಣಿಯಾದದ್ದು ಮಾತ್ರ ಅದರಲ್ಲಿ ಬರುತ್ತದೆ. ಊರ ಹಿರಿಯರ ಎದುರು ಛಾಪಾ ಕಾಗದದ ಮೇಲೆ ಬರೆದುಕೊಂಡ ಪಾಲುಪಟ್ಟಿ ಅಲ್ಲಿ ಸಿಗದು. ಹತ್ತು ವರ್ಷದ ಇಸಿ ತಂದು, 'ಏನೂ ಇಲ್ಲ' ಎಂಬ ನಮೂನೆ 16 ತೋರಿಸಿ ನಿಶ್ಚಿಂತರಾಗುವವರೂ ಇದ್ದಾರೆ. ಹನ್ನೊಂದನೇ ವರ್ಷದಲ್ಲಿ ಕ್ರಯಪತ್ರ ಕೂತಿರಬಹುದು.

ಇನ್ನು ಕವರ್. ಅಣ್ಣನೇ ಮೊದಲು ಪ್ರತಿಬಂಧಕಾಜ್ಞೆ ಕೇಳಿ ದಾವೆ ಹಾಕಿ, ಈಕೆಗೆ ಕೋರ್ಟಿನಿಂದ ಸಮನ್ಸ್ ಬಂದಿದ್ದರೆ, ಜಾರಿಯಾದ ದಿನದಿಂದ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕೋರ್ಟ್ ಒಪ್ಪಿದರೆ 90 ದಿನದವರೆಗೆ ಎಳೆಯಬಹುದು. ಕಾಗದ ಯಾವತ್ತು ಕೈ ಸೇರಿತು ಎಂಬುದಕ್ಕೆ ಕವರಿನ ಅಂಚೆ ಮುದ್ರೆ ನೆರವಾಗುತ್ತದೆ. ಅದನ್ನು ಒಲೆಗೆ ಹಾಕಿ ಬಂದವರೇ ಜಾಸ್ತಿ.

ಒರಿಜಿನಲ್ ಪತ್ರಗಳನ್ನು ಮೊದಲ ದಿನವೇ ಬಿಟ್ಟು ಬರಬೇಕಾಗಿಲ್ಲ. ಬಿಡಲೇಬೇಕಾದರೆ ಪಟ್ಟಿ ಮಾಡಿ ಸಹಿ ಪಡೆಯುವುದು ರೂಢಿ, ಒಳ್ಳೆಯ ವಕೀಲರು ತಾವಾಗಿಯೇ ಕೊಡುತ್ತಾರೆ. ಖಾಲಿ ವಕಾಲತ್ತಿಗೆ ಸಹಿ ಕೇಳಿದರೆ ಕಕ್ಷಿದಾರರ ಹೆಸರು, ಕೋರ್ಟಿನ ಹೆಸರು ಬರೆಸಿದ ಮೇಲೇ ಹಾಕಬೇಕು.

ಜೊತೆಗೆ ಯಾರನ್ನು ಕರೆತರಬೇಕು ಎಂಬುದನ್ನು ಚೀಟಿ ಹೇಳಿಲ್ಲ, ಹೇಳಬೇಕಿತ್ತು. ಕಕ್ಷಿದಾರರು ವಕೀಲರಿಗೆ ಹೇಳಿದ ಮಾತು ಗುಟ್ಟಾಗಿ ಉಳಿಯಬೇಕೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಹೇಳುತ್ತದೆ. ಆ ಕಟ್ಟು ವಕೀಲರಿಗಿದೆ, ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡು ಸಂಜೆ ಅಣ್ಣನ ಮನೆಗೆ ಕಾಫಿಗೆ ಹೋಗುವ ಸೋದರಮಾವನಿಗಿಲ್ಲ.