ಎಮ್ಮೆ ಹಾಲಿಗೆ ಹಸುವಿನ ಹಾಲು ಎಷ್ಟು ಬೆರೆಸಬೇಕು?

ನಂದಿನಿಯ ಶುಭಂ ಪ್ಯಾಕೆಟ್ ಮೇಲೆ ಕೊಬ್ಬು 4.5, ಕೊಬ್ಬೇತರ ಘನಾಂಶ 8.5 ಎಂದಿರುತ್ತದೆ. ‘ಸ್ಟ್ಯಾಂಡರ್ಡೈಸ್ಡ್’ ಹಾಲಿಗೆ ಕಾನೂನು ಇಟ್ಟಿರುವ ಕನಿಷ್ಠ ಮಟ್ಟ ಅದು. ದಿನವೂ ಅಷ್ಟೇ ಫ್ಯಾಟ್ ಕೊಡುವ ಹಸುವಾಗಲಿ ಎಮ್ಮೆಯಾಗಲಿ ಇಲ್ಲ. ಬೆರೆಸಿಯೇ ಆ ಅಂಕಿ ಮುಟ್ಟಬೇಕು. ದೊಡ್ಡ ಡೇರಿಗಳಲ್ಲಿ ಕೆನೆ ತೆಗೆದು ಹೊಂದಿಸುವ ಯಂತ್ರಗಳಿವೆ, ಸಣ್ಣ ಡೇರಿಯವರಿಗೆ ಲೆಕ್ಕವೇ ಯಂತ್ರ.

ಎಮ್ಮೆ ಹಾಲಿನ ಫ್ಯಾಟ್ 7, ಹಸುವಿನದು 3.5 ಎಂದಿಟ್ಟುಕೊಳ್ಳಿ. ಎರಡನ್ನೂ ಸಮಸಮ ಸುರಿದರೆ 5.25 ಬರುತ್ತದೆ. ಗಿರಾಕಿಗೆ ಕಿಲೋಗೆ ಏಳೂವರೆ ಗ್ರಾಂ ಕೊಬ್ಬು ಪುಕ್ಕಟೆ ಹೋಯಿತು. ಶೇಕಡಾವನ್ನು ಗ್ರಾಂ ಮಾಡಿಕೊಂಡರೆ ದಾರಿ ಕಾಣುತ್ತದೆ. ನಮಗೆ ಬೇಕಾದದ್ದು ಕಿಲೋಗೆ 45 ಗ್ರಾಂ. ಎಮ್ಮೆ ಹಾಲಿನಲ್ಲಿ 70 ಗ್ರಾಂ ಇದೆ, ಅಂದರೆ 25 ಹೆಚ್ಚು. ಹಸುವಿನ ಹಾಲಿನಲ್ಲಿ 35, ಅಂದರೆ 10 ಕಡಿಮೆ. ಒಂದು ಕಿಲೋ ಎಮ್ಮೆ ಹಾಲಿನ ಹೆಚ್ಚುವರಿ ಎರಡೂವರೆ ಕಿಲೋ ಹಸುವಿನ ಹಾಲಿನ ಕೊರತೆ ತುಂಬುತ್ತದೆ. ಹಾಗಾಗಿ 200 ಕಿಲೋಗೆ 500 ಕಿಲೋ. ತಾಳೆ ನೋಡಿ: 14 ಕಿಲೋ ಕೊಬ್ಬಿಗೆ 17.5 ಸೇರಿ 31.5, ಅದನ್ನು 700ರಿಂದ ಭಾಗಿಸಿದರೆ ಶೇ 4.5. ತೂಕಕ್ಕೆ ತಕ್ಕ ಸರಾಸರಿ ಎಂದರೆ ಇಷ್ಟೇ.

ಬೆರೆಸಿದ ಮೇಲೆ ಪರೀಕ್ಷೆಯಲ್ಲಿ 4.3 ಬಂದರೆ? ಸಾಮಾನ್ಯವಾಗಿ ಎಡವುವುದು ಇಲ್ಲಿ. 700 ಕಿಲೋಗೆ ಕಡಿಮೆ ಬಿದ್ದದ್ದು 1.4 ಕಿಲೋ ಕೊಬ್ಬು, 20 ಕಿಲೋ ಎಮ್ಮೆ ಹಾಲಿನಲ್ಲಿ ಅಷ್ಟಿದೆ, ಸುರಿದರಾಯಿತು ಎನಿಸುತ್ತದೆ. ಸಾಲದು. ಹೊಸದಾಗಿ ಸುರಿದ ಹಾಲೂ ತನ್ನ ಪಾಲಿನ 45 ಗ್ರಾಂ ಇಟ್ಟುಕೊಂಡೇ ಉಳಿದದ್ದನ್ನು ಕೊಡಬೇಕು. ಕೊಡಬಲ್ಲದ್ದು ಕಿಲೋಗೆ 25 ಗ್ರಾಂ ಮಾತ್ರ. 1,400 ಗ್ರಾಮನ್ನು 25ರಿಂದ ಭಾಗಿಸಿ: 56 ಕಿಲೋ ಬೇಕು.

ಆದರೆ ಸುರಿಯುವ ಮುಂಚೆ ಮತ್ತೊಮ್ಮೆ ಸ್ಯಾಂಪಲ್ ತೆಗೆಯುವುದು ಒಳ್ಳೆಯದು. ನಿಂತ ಹಾಲಿನಲ್ಲಿ ಕೆನೆ ಮೇಲೇರುತ್ತದೆ. ಕ್ಯಾನಿನ ಬಾಯಿಂದ ತೆಗೆದ ಹಾಲು ಹೆಚ್ಚು ಫ್ಯಾಟ್ ತೋರಿಸುತ್ತದೆ, ತಳದ ನಲ್ಲಿಯಿಂದ ಹಿಡಿದದ್ದು ಕಡಿಮೆ. ತಳದಿಂದ ಮೇಲಕ್ಕೆ ಚೆನ್ನಾಗಿ ಕಲಕಿ ತೆಗೆದ ಸ್ಯಾಂಪಲ್‌ಗೆ ಮಾತ್ರ ಈ ಲೆಕ್ಕ ಒಪ್ಪುತ್ತದೆ.

ಪ್ಯಾಕೆಟ್ ಮೇಲಿನ ಎರಡನೆಯ ಅಂಕಿಗೂ ಇದೇ ಸರಾಸರಿ ಅನ್ವಯಿಸುತ್ತದೆ. ಎಮ್ಮೆ ಹಾಲಿನ ಕೊಬ್ಬೇತರ ಘನಾಂಶ 9, ಹಸುವಿನದು 8.3 ಇದ್ದರೆ ನಮ್ಮ 200–500ರ ಮಿಶ್ರಣಕ್ಕೆ ಸರಿಯಾಗಿ 8.5 ಬರುತ್ತದೆ. ಹಸುವಿನ ಹಾಲಿನ ಬದಲು ನೀರು ಹಾಕಿಯೂ 4.5 ಫ್ಯಾಟ್ ತರಬಹುದು: 450 ಕಿಲೋ ಎಮ್ಮೆ ಹಾಲಿಗೆ 250 ಕಿಲೋ ನೀರು. ಆದರೆ ಆಗ ಘನಾಂಶ 5.8ರ ಹತ್ತಿರಕ್ಕೆ ಕುಸಿಯುತ್ತದೆ. ಫ್ಯಾಟ್ ಒಂದನ್ನೇ ನೋಡುವವನಿಗೆ ಈ ನೀರು ಕಾಣುವುದೇ ಇಲ್ಲ.