ವಿಳಾಸ ಗೊತ್ತು, ಬಾಗಿಲು ಗೊತ್ತಿಲ್ಲ

ಎರಡು ಅಂತಸ್ತಿನ ಒಂದು ಕಚೇರಿ ಎಂದುಕೊಳ್ಳಿ. ದಿನವೂ ರಾತ್ರಿ 9 ಗಂಟೆ 5 ನಿಮಿಷ ಆಗುತ್ತಿದ್ದಂತೆ ಕೆಳಮಹಡಿಯ ಸಿಸಿಟಿವಿ ಚಿತ್ರ ನಿಂತು ನಿಂತು ಬರುತ್ತದೆ, ಆಗಾಗ ಕಡಿದೇ ಹೋಗುತ್ತದೆ. ಮೇಲ್ಮಹಡಿಯ ಕ್ಯಾಮೆರಾಗಳಿಗೆ ಏನೂ ಆಗುವುದಿಲ್ಲ. ಕ್ಯಾಮೆರಾ ಹಾಕಿಕೊಟ್ಟವರು ಬಂದು ಕೇಬಲ್ ಬದಲಿಸುತ್ತಾರೆ, ಅಡಾಪ್ಟರ್ ಬದಲಿಸುತ್ತಾರೆ. ಹಗಲಲ್ಲಿ ನೋಡಿದರೆ ಎಲ್ಲ ಸರಿ. ರಾತ್ರಿ 9ಕ್ಕೆ ಲೆಕ್ಕಪತ್ರ ಸರ್ವರ್‌ನ ಬ್ಯಾಕಪ್ ಶುರುವಾಗುತ್ತದೆ ಎಂದು ಯಾರಾದರೂ ನೆನಪಿಸಿದರೂ ಆ ಅನುಮಾನ ನಿಲ್ಲುವುದಿಲ್ಲ. ಬ್ಯಾಕಪ್ ಹೋಗುವುದು ಮೇಲ್ಮಹಡಿಯ ಸ್ಟೋರೇಜಿಗೆ, ಕೆಡುವುದು ಕೆಳಮಹಡಿಯ ಕ್ಯಾಮೆರಾ. ಅದೂ ಅಲ್ಲದೆ ಮೊದಲ ಐದು ನಿಮಿಷ ಯಾವ ತೊಂದರೆಯೂ ಕಾಣುವುದಿಲ್ಲ.

ಆ ಐದು ನಿಮಿಷದಲ್ಲೇ ಉತ್ತರವಿದೆ. ಅದನ್ನು ಹಿಡಿಯಬೇಕಾದರೆ ಸ್ವಿಚ್ ಎಂಬ ಪೆಟ್ಟಿಗೆ ಹೇಗೆ ಕಲಿಯುತ್ತದೆ, ಹೇಗೆ ಮರೆಯುತ್ತದೆ ಎಂಬುದು ಗೊತ್ತಿರಬೇಕು.

ನೆಟ್‌ವರ್ಕಿಗೆ ಸೇರಿದ ಪ್ರತಿ ಯಂತ್ರಕ್ಕೂ ಒಂದು ಮ್ಯಾಕ್ ಸಂಖ್ಯೆ ಇರುತ್ತದೆ. ಯಾವ ಮ್ಯಾಕ್ ತನ್ನ ಯಾವ ಪೋರ್ಟಿನಲ್ಲಿದೆ ಎಂದು ಸ್ವಿಚ್‌ಗೆ ಯಾರೂ ಹೇಳಿಕೊಡುವುದಿಲ್ಲ. ಯಂತ್ರವೇ ಏನನ್ನಾದರೂ ಕಳಿಸಿದಾಗ, ಕಳಿಸಿದವರ ಮ್ಯಾಕ್ ನೋಡಿ ಅದು ಬರೆದುಕೊಳ್ಳುತ್ತದೆ. ಆ ಯಂತ್ರದಿಂದ ಮತ್ತೆ ಏನೂ ಬರದಿದ್ದರೆ 300 ಸೆಕೆಂಡಿಗೆ, ಅಂದರೆ ಐದು ನಿಮಿಷಕ್ಕೆ, ಅಳಿಸಿಹಾಕುತ್ತದೆ. ಪಟ್ಟಿಯಲ್ಲಿಲ್ಲದ ಮ್ಯಾಕ್‌ಗೆ ಏನಾದರೂ ಬಂದರೆ ಅದನ್ನು ಎಸೆಯುವುದಿಲ್ಲ. ಬಂದ ಪೋರ್ಟೊಂದನ್ನು ಬಿಟ್ಟು ಆ ವಿಲ್ಯಾನ್‌ನ ಎಲ್ಲ ಪೋರ್ಟುಗಳಿಗೂ ಒಂದೊಂದು ಪ್ರತಿ ಕಳಿಸುತ್ತದೆ. (ವಿಲ್ಯಾನ್ ಎಂದರೆ ಒಂದೇ ಸ್ವಿಚ್‌ನೊಳಗೆ ಮಾಡಿಕೊಂಡ ಬೇರೆ ಬೇರೆ ಓಣಿಗಳು.) ಇದನ್ನೇ ಅನ್‌ನೋನ್ ಯೂನಿಕಾಸ್ಟ್ ಫ್ಲಡಿಂಗ್ ಎನ್ನುತ್ತಾರೆ. ಇದು ದೋಷವಲ್ಲ, ಸ್ವಿಚ್ ಇರಬೇಕಾದದ್ದೇ ಹೀಗೆ. ಸಾಮಾನ್ಯವಾಗಿ ಒಂದೆರಡು ಪ್ಯಾಕೆಟ್ ಹೀಗೆ ಹೋಗುವಷ್ಟರಲ್ಲಿ ಆ ಯಂತ್ರ ಉತ್ತರ ಕೊಡುತ್ತದೆ, ಸ್ವಿಚ್ ಕಲಿಯುತ್ತದೆ, ಅಲ್ಲಿಗೆ ಮುಗಿಯಿತು. ಉತ್ತರ ಈ ಸ್ವಿಚ್‌ನ ಕಣ್ಣಿಗೆ ಬೀಳದೇ ಹೋದರೆ ಮಾತ್ರ ಮುಗಿಯುವುದಿಲ್ಲ.

ಈಗ ನಮ್ಮ ಕಚೇರಿಯೊಳಗೆ ಬನ್ನಿ. ಮಹಡಿಗೊಂದರಂತೆ ಎರಡು ದೊಡ್ಡ ಸ್ವಿಚ್‌ಗಳಿವೆ, ನಡುವೆ ಒಂದು ಟ್ರಂಕ್ ಕೇಬಲ್. ಎರಡೂ ಬರೀ ಸ್ವಿಚ್‌ಗಳಲ್ಲ, ಒಂದು ವಿಲ್ಯಾನ್‌ನಿಂದ ಇನ್ನೊಂದಕ್ಕೆ ದಾಟಿಸುವ ರೌಟರ್ ಕೆಲಸವನ್ನೂ ಮಾಡುತ್ತವೆ. ವಿಲ್ಯಾನ್ 10 ಸರ್ವರ್‌ಗಳದ್ದು. ವಿಲ್ಯಾನ್ 20ರಲ್ಲಿ ಬ್ಯಾಕಪ್ ಸ್ಟೋರೇಜ್, ಕ್ಯಾಮೆರಾಗಳು, ಅವುಗಳ ರೆಕಾರ್ಡರ್ ಎಲ್ಲ ಒಟ್ಟಿಗಿವೆ. ಹಾಗೆ ಸೇರಿಸಬಾರದಿತ್ತು, ಆದರೆ ಬಹಳ ಕಚೇರಿಗಳಲ್ಲಿ ಹಾಗೇ ಇರುತ್ತದೆ. ಎರಡೂ ವಿಲ್ಯಾನ್‌ಗಳು ಎರಡೂ ಸ್ವಿಚ್‌ಗಳಲ್ಲಿ ಹರಡಿವೆ. ಒಂದು ಸ್ವಿಚ್ ಕೆಟ್ಟರೆ ಇನ್ನೊಂದು ನಿಭಾಯಿಸಲಿ ಎಂದು ಎಚ್‌ಎಸ್‌ಆರ್‌ಪಿ ಎಂಬ ಏರ್ಪಾಡನ್ನೂ ಹಾಕಿದ್ದಾರೆ. ಅದರಲ್ಲಿ ಒಂದು ವಿಲ್ಯಾನ್‌ನ ಗೇಟ್‌ವೇ ಆಗಿ ಒಂದು ಹೊತ್ತಿಗೆ ಒಂದೇ ಪೆಟ್ಟಿಗೆ ಕೆಲಸ ಮಾಡುತ್ತದೆ, ಇನ್ನೊಂದು ಕಾದು ಕೂತಿರುತ್ತದೆ. ಅಷ್ಟು ದುಡ್ಡು ಕೊಟ್ಟ ಪೆಟ್ಟಿಗೆ ಸುಮ್ಮನೆ ಕೂರುವುದು ಯಾರಿಗೂ ಸಹಿಸದು. ಹಾಗಾಗಿ ವಿಲ್ಯಾನ್ 10ರ ಗೇಟ್‌ವೇ ಕೆಳಗಿನ ಸ್ವಿಚ್‌ಗೆ, ವಿಲ್ಯಾನ್ 20ರದ್ದು ಮೇಲಿನ ಸ್ವಿಚ್‌ಗೆ ಎಂದು ಹಂಚಿಬಿಟ್ಟಿದ್ದಾರೆ.

ಲೆಕ್ಕಪತ್ರ ಸರ್ವರ್ ಕೆಳಗಿನ ಸ್ವಿಚ್‌ನಲ್ಲಿ, ವಿಲ್ಯಾನ್ 10ರಲ್ಲಿದೆ. ಸ್ಟೋರೇಜ್ ಮೇಲಿನ ಸ್ವಿಚ್‌ನಲ್ಲಿ, ವಿಲ್ಯಾನ್ 20ರಲ್ಲಿದೆ. ಸರ್ವರ್ ಕಳಿಸಿದ ಪ್ಯಾಕೆಟ್ ತನ್ನ ಗೇಟ್‌ವೇ ಆದ ಕೆಳಗಿನ ಸ್ವಿಚ್‌ಗೆ ಬರುತ್ತದೆ. ಅದು ಪ್ಯಾಕೆಟನ್ನು ಅಲ್ಲೇ ವಿಲ್ಯಾನ್ 20ಕ್ಕೆ ದಾಟಿಸಿ, ಟ್ರಂಕ್ ಮೂಲಕ ಮೇಲಿನ ಸ್ಟೋರೇಜಿಗೆ ಮುಟ್ಟಿಸುತ್ತದೆ. ಸ್ಟೋರೇಜ್ ಕೊಡುವ ಉತ್ತರ ಮಾತ್ರ ಬಂದ ದಾರಿಯಲ್ಲಿ ಹಿಂದಿರುಗುವುದಿಲ್ಲ. ಅದರ ಗೇಟ್‌ವೇ ಮೇಲಿನ ಸ್ವಿಚ್ಚೇ ತಾನೆ? ಉತ್ತರ ಅಲ್ಲಿಗೆ ಹೋಗಿ, ಅಲ್ಲೇ ವಿಲ್ಯಾನ್ 10ಕ್ಕೆ ದಾಟಿ, ಆಮೇಲೆ ಟ್ರಂಕಿನಲ್ಲಿ ಕೆಳಗಿಳಿಯುತ್ತದೆ. ದಾಟಿಸುವಾಗ ರೌಟರ್ ಕಳಿಸಿದವರ ಮ್ಯಾಕ್ ಅಳಿಸಿ ತನ್ನದನ್ನು ಬರೆಯುತ್ತದೆ. ಹಾಗಾಗಿ ಸ್ಟೋರೇಜಿನ ಸ್ವಂತ ಮ್ಯಾಕ್ ಹೊತ್ತ ಫ್ರೇಮ್ ಮೇಲಿನ ಸ್ವಿಚ್‌ನಿಂದ ಆಚೆ ಬರುವುದೇ ಇಲ್ಲ. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಸಾಮಾನೆಲ್ಲ ಮುಂದಿನ ಗೇಟಿಗೇ ಬರುತ್ತದೆ, ಆದರೆ ಮನೆಯವರು ಓಡಾಡುವುದು ಹಿಂದಿನ ಗೇಟಿನಲ್ಲಿ. ಮುಂದಿನ ಕಾವಲುಗಾರನಿಗೆ ಅವರು ಯಾವ ಮನೆಯವರೆಂದು ತಿಳಿಯುವುದಾದರೂ ಹೇಗೆ?

ಹಾಗಿದ್ದರೆ ಬ್ಯಾಕಪ್ ಶುರುವಾದ ಕೂಡಲೇ ಯಾಕೆ ತೊಂದರೆಯಿಲ್ಲ? ಇಲ್ಲಿ ಎರಡನೆಯ ಪಟ್ಟಿಯೊಂದು ಬರುತ್ತದೆ. ಒಂದು ಐಪಿ ವಿಳಾಸಕ್ಕೆ ಯಾವ ಮ್ಯಾಕ್ ಎಂದು ರೌಟರ್ ಭಾಗ ಬರೆದುಕೊಳ್ಳುವ ಪಟ್ಟಿ ಅದು, ಎಆರ್‌ಪಿ ಪಟ್ಟಿ. 9 ಗಂಟೆಗೆ ಮೊದಲ ಪ್ಯಾಕೆಟ್ ಬಂದಾಗ ಕೆಳಗಿನ ಸ್ವಿಚ್ 'ಈ ಐಪಿ ಯಾರದು?' ಎಂದು ವಿಲ್ಯಾನ್ 20ರಲ್ಲೆಲ್ಲ ಕೂಗಿ ಕೇಳುತ್ತದೆ. ಸ್ಟೋರೇಜ್ 'ನನ್ನದು' ಎಂದು ನೇರವಾಗಿ ಕೆಳಗಿನ ಸ್ವಿಚ್‌ಗೇ ಉತ್ತರ ಕಳಿಸುತ್ತದೆ. ಆ ಒಂದೇ ಉತ್ತರದಿಂದ ಎರಡೂ ಪಟ್ಟಿ ತುಂಬುತ್ತವೆ, ವಿಳಾಸವೂ ತಿಳಿಯಿತು, ಬಾಗಿಲೂ ತಿಳಿಯಿತು. ಆದರೆ ಬಾಗಿಲಿನ ನೆನಪು ಐದು ನಿಮಿಷದ್ದು. ವಿಳಾಸದ ನೆನಪು ಸಿಸ್ಕೊದ ಐಒಎಸ್ ಸ್ವಿಚ್‌ಗಳಲ್ಲಿ, ಯಾರೂ ಬದಲಿಸದಿದ್ದರೆ, 14,400 ಸೆಕೆಂಡ್, ಅಂದರೆ ನಾಲ್ಕು ಗಂಟೆ. 9:05ಕ್ಕೆ ಬಾಗಿಲು ಮರೆತುಹೋಗುತ್ತದೆ. ವಿಳಾಸ ನೆನಪಿರುವುದರಿಂದ ಮತ್ತೆ ಕೂಗಿ ಕೇಳುವ ಪ್ರಸಂಗವೇ ಬರುವುದಿಲ್ಲ. ಬ್ಯಾಕಪ್ಪಿನ ಒಂದೊಂದು ಪ್ಯಾಕೆಟ್ಟೂ ಕೆಳಗಿನ ಸ್ವಿಚ್‌ನ ವಿಲ್ಯಾನ್ 20ರ ಎಲ್ಲ ಪೋರ್ಟುಗಳಿಗೆ ಸುರಿಯತೊಡಗುತ್ತದೆ.

ಬ್ಯಾಕಪ್ ಸೆಕೆಂಡಿಗೆ 300 ಮೆಗಾಬಿಟ್ ವೇಗದಲ್ಲಿ ಹೋಗುತ್ತಿದೆ ಎನ್ನಿ. ಕೆಳಮಹಡಿಯ ಕ್ಯಾಮೆರಾ ಕೂತಿರುವುದು 100 ಮೆಗಾಬಿಟ್ ಪೋರ್ಟಿನಲ್ಲಿ. ಕ್ಯಾಮೆರಾದಿಂದ ಹೊರಡುವ ಚಿತ್ರಕ್ಕೆ ಇದರಿಂದ ಅಡ್ಡಿಯಿಲ್ಲ, ಅದು ಎದುರು ದಿಕ್ಕಿನದು. ಆದರೆ ಟಿಸಿಪಿ ಮೂಲಕ ಚಿತ್ರ ತರಿಸಿಕೊಳ್ಳುವ ರೆಕಾರ್ಡರ್ 'ಇಷ್ಟು ಬಂತು, ಮುಂದಿನದು ಕಳಿಸು' ಎಂದು ಕ್ಯಾಮೆರಾಗೆ ಹೇಳುತ್ತಲೇ ಇರಬೇಕು. ಆ ಸಣ್ಣ ಪ್ಯಾಕೆಟ್‌ಗಳು ಈ ಪ್ರವಾಹದಲ್ಲಿ ಸಿಕ್ಕಿಕೊಳ್ಳುತ್ತವೆ. ಮೂರು ಪಾಲು ಬರುವಲ್ಲಿ ಒಂದು ಪಾಲಿಗಷ್ಟೇ ಜಾಗ, ಉಳಿದದ್ದನ್ನು ಸ್ವಿಚ್ ಬಿಸಾಡುತ್ತದೆ. ಅದರೊಡನೆ ರೆಕಾರ್ಡರ್‌ನ ಮಾತೂ ಹೋಗುತ್ತದೆ. ಅದೇ ಸ್ವಿಚ್‌ನಲ್ಲಿ ಗಿಗಾಬಿಟ್ ಪೋರ್ಟಿರುವ ಕಂಪ್ಯೂಟರಿಗೆ ಇದು ಗೊತ್ತೇ ಆಗುವುದಿಲ್ಲ, ತನ್ನದಲ್ಲದ ಮ್ಯಾಕ್ ಎಂದು ಅದರ ನೆಟ್‌ವರ್ಕ್ ಕಾರ್ಡ್ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮೇಲಿನ ಸ್ವಿಚ್‌ಗೆ ಸ್ಟೋರೇಜ್ ಇರುವ ಬಾಗಿಲು ಚೆನ್ನಾಗಿ ಗೊತ್ತು, ಹಾಗಾಗಿ ಅಲ್ಲಿನ ಕ್ಯಾಮೆರಾಗಳು ಆರಾಮ. ಬ್ಯಾಕಪ್ಪಿನ ಪ್ಯಾಕೆಟ್‌ಗಳೂ ಸಲೀಸಾಗಿ ತಲುಪುತ್ತವೆ, ಅದರ ವರದಿಯಲ್ಲಿ ಒಂದು ಎಚ್ಚರಿಕೆಯೂ ಇರುವುದಿಲ್ಲ. ಈ ತೊಂದರೆಯಲ್ಲಿ ನನಗೆ ಅತಿ ಕೆಟ್ಟದ್ದು ಎನಿಸುವುದು ಇದೇ. ತೊಂದರೆ ಕೊಡುವವರಿಗೆ ಏನೂ ಆಗುವುದಿಲ್ಲ, ಅನುಭವಿಸುವವರು ಆ ಮಾತುಕತೆಯಲ್ಲೇ ಇರುವುದಿಲ್ಲ.

ಸ್ಟೋರೇಜಿನಿಂದ ಬರುವ ಉತ್ತರಗಳಿಗೂ ಇದೇ ಗತಿ. ಸರ್ವರ್‌ನ ಮ್ಯಾಕ್ ಮೇಲಿನ ಸ್ವಿಚ್‌ಗೆ ಕಾಣದ ಕಾರಣ ಅವು ಮೇಲಿನ ವಿಲ್ಯಾನ್ 10ರಲ್ಲಿ ಹರಡುತ್ತವೆ. ಬರೀ ಸಣ್ಣ ಸ್ವೀಕೃತಿ ಪ್ಯಾಕೆಟ್‌ಗಳಾದ್ದರಿಂದ ಯಾರೂ ಗಮನಿಸುವುದಿಲ್ಲ. ಡೇಟಾ ಮರಳಿ ಪಡೆಯುವ ದಿನ ಭಾರವೆಲ್ಲ ಈ ದಿಕ್ಕಿಗೆ ತಿರುಗುತ್ತದೆ, ಆಗ ನರಳುವವರು ಬೇರೆ.

ಇದೆಲ್ಲ ನಡೆಯುವುದು ಸ್ಟೋರೇಜ್ ಮೌನವಾಗಿದ್ದರೆ ಮಾತ್ರ. ಅದು ಒಂದೇ ಒಂದು ಬ್ರಾಡ್‌ಕಾಸ್ಟ್ ಕಳಿಸಿದರೂ ಅದು ಟ್ರಂಕ್ ದಾಟಿ ಬಂದು ಕೆಳಗಿನ ಸ್ವಿಚ್‌ಗೆ ಮತ್ತೆ ಬಾಗಿಲು ಕಲಿಸುತ್ತದೆ, ಐದು ನಿಮಿಷ ಎಲ್ಲ ಶಾಂತ. ಕೆಲವು ಕಡೆ ಈ ಕಾಯಿಲೆ ಬಂದು ಹೋಗುತ್ತಿರುವುದಕ್ಕೆ ಇದೇ ಕಾರಣ. ಲಿನಕ್ಸ್ ಯಂತ್ರಗಳು ಗೇಟ್‌ವೇ ಇನ್ನೂ ಇದೆಯೇ ಎಂದು ಮತ್ತೆ ವಿಚಾರಿಸುವಾಗ ಮೊದಲು ಅದಕ್ಕೊಂದಕ್ಕೇ ಕಳಿಸುತ್ತವೆ, ಎಲ್ಲರಿಗೂ ಕೂಗುವುದಿಲ್ಲ. ಹಾಗಾಗಿ ಅಂಥ ಸ್ಟೋರೇಜ್ ಗಂಟೆಗಟ್ಟಲೆ ಕೆಳಗಿನ ಸ್ವಿಚ್‌ನ ಕಿವಿಗೆ ಬೀಳದೇ ಇರಬಲ್ಲದು.

ಪತ್ತೆ ಮಾಡುವುದು ಅನುಮಾನ ಬಂದಮೇಲೆ ಸುಲಭ. ತೊಂದರೆ ನಡೆಯುತ್ತಿರುವಾಗಲೇ ಕೆಳಗಿನ ಸ್ವಿಚ್‌ನಲ್ಲಿ ಎರಡು ಪ್ರಶ್ನೆ ಕೇಳಬೇಕು:

```
show ip arp 10.0.20.50
show mac address-table address 0000.5e00.5350
```

ಮೊದಲನೆಯದು ಸ್ಟೋರೇಜಿನ ಐಪಿಗೆ ಮ್ಯಾಕ್ ತೋರಿಸಿ, ಅದು ಇಷ್ಟು ನಿಮಿಷ ಹಳೆಯದು ಎನ್ನುತ್ತದೆ. ಎರಡನೆಯದರಲ್ಲಿ ಆ ಮ್ಯಾಕ್ ಇರುವುದೇ ಇಲ್ಲ. ಇಷ್ಟು ಕಂಡರೆ ರೋಗ ಖಾತ್ರಿ. ಇನ್ನೂ ಸಾಕ್ಷಿ ಬೇಕೆಂದರೆ ಕೆಳಗಿನ ವಿಲ್ಯಾನ್ 20ರ ಖಾಲಿ ಪೋರ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ವೈರ್‌ಶಾರ್ಕ್ ತೆರೆಯಬಹುದು. ಪೋರ್ಟ್ ಮಿರರಿಂಗ್ ಇಲ್ಲದೆಯೇ ಬೇರೆಯವರ ಬ್ಯಾಕಪ್ ನಿಮ್ಮ ಪರದೆಯ ಮೇಲೆ ಓಡುತ್ತದೆ. ಲೆಕ್ಕಪತ್ರದ ಡೇಟಾ ಹೀಗೆ ಯಾರ ಪೋರ್ಟಿಗೆ ಬೇಕಾದರೂ ಬೀಳುವುದು ಬೇರೆಯದೇ ಚಿಂತೆ. ಹಗಲಿನ ಪರೀಕ್ಷೆ ಮೋಸ ಮಾಡುವುದೂ ಇಲ್ಲೇ. ಎರಡು ನಿಮಿಷ ಫೈಲ್ ಕಳಿಸಿ ನೋಡಿದರೆ ಸ್ವಿಚ್‌ಗೆ ಮರೆಯಲು ಸಮಯವೇ ಸಿಕ್ಕಿರುವುದಿಲ್ಲ.

ಒಂದೇ ಪೆಟ್ಟಿಗೆಯಲ್ಲಿ ಎರಡು ನೆನಪುಗಳಿಗೆ ಇಷ್ಟು ಅಂತರ ಯಾಕೆ? ಎಆರ್‌ಪಿಯನ್ನು ವಿವರಿಸಿದ 1982ರ ಆರ್‌ಎಫ್‌ಸಿ 826, ಪಟ್ಟಿ ಎಷ್ಟು ಹೊತ್ತು ಇರಬೇಕೆಂಬುದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಬಿಟ್ಟುಬಿಟ್ಟಿತು. 300 ಸೆಕೆಂಡ್ ಬಂದದ್ದು ಬೇರೆ ಕಡೆಯಿಂದ, ಐಇಇಇಯ 802.1ಡಿ ಮಾನದಂಡದಿಂದ. ಎರಡೂ ತಮ್ಮ ತಮ್ಮ ಪಾಡಿಗೆ ಸರಿಯೇ.

ಪರಿಹಾರ ಆ ಎರಡನ್ನು ಹೊಂದಿಸುವುದು. ವಿಳಾಸದ ನೆನಪು ಬಾಗಿಲಿನ ನೆನಪಿಗಿಂತ ಮೊದಲು ಹಳತಾಗಬೇಕು. ಆಗ ಪ್ರತಿ ಸಲ ಹೊಸದಾಗಿ ಕೇಳಿದಾಗ ಬಾಗಿಲೂ ಹೊಸದಾಗುತ್ತದೆ. ಇದಕ್ಕೆ ಎರಡು ದಾರಿ, ಒಂದನ್ನು ಹಿಡಿದರೆ ಸಾಕು, ಆದರೆ ಎರಡೂ ಸ್ವಿಚ್‌ಗಳಲ್ಲಿ, ಎರಡೂ ವಿಲ್ಯಾನ್‌ಗಳಿಗೆ ಮಾಡಬೇಕು:

```
mac address-table aging-time 14500 vlan 20
```

```
interface Vlan20
 arp timeout 270
```

ಮೊದಲನೆಯದು ಬಾಗಿಲಿನ ನೆನಪನ್ನು ನಾಲ್ಕು ಗಂಟೆಗಿಂತ ತುಸು ಹೆಚ್ಚಿಸುತ್ತದೆ. ಜಾಗ ಬದಲಿಸಿದ ಯಂತ್ರ ಕಳೆದುಹೋಗುವುದಿಲ್ಲವೇ ಎಂಬ ಭಯ ಬೇಡ. ಅದು ಹೊಸ ಜಾಗದಿಂದ ಬಾಯಿ ತೆರೆದ ಕೂಡಲೇ ಸ್ವಿಚ್ ತಿದ್ದಿಕೊಳ್ಳುತ್ತದೆ. ಎರಡನೆಯದು ಎಆರ್‌ಪಿಯನ್ನು ನಾಲ್ಕೂವರೆ ನಿಮಿಷಕ್ಕಿಳಿಸುತ್ತದೆ. ಸಾವಿರಾರು ಯಂತ್ರಗಳಿರುವ ಕಡೆ ಹಾಗೆ ಪದೇ ಪದೇ ಕೇಳುವುದು ಸ್ವಿಚ್‌ನ ಪ್ರೊಸೆಸರಿಗೆ ಹೊರೆ. ನಮ್ಮ ಚಿಕ್ಕ ಕಚೇರಿಗಾದರೆ ನನ್ನ ಆಯ್ಕೆ ಎರಡನೆಯದೇ. ಅದಕ್ಕೊಂದು ಕಾರಣವಿದೆ. ನೆಟ್‌ವರ್ಕಿನ ಆಕಾರ ಬದಲಾದಾಗ, ಅಂದರೆ ಎಲ್ಲೋ ಒಂದು ಲಿಂಕ್ ಬಿದ್ದು ಎದ್ದಾಗ, ಹಳೆಯ ಸ್ಪ್ಯಾನಿಂಗ್ ಟ್ರೀ ಬಾಗಿಲಿನ ನೆನಪನ್ನು ತಾತ್ಕಾಲಿಕವಾಗಿ 15 ಸೆಕೆಂಡಿಗೆ ಇಳಿಸುತ್ತದೆ, ಹೊಸದು ಕೂಡಲೇ ಅಳಿಸಿಬಿಡುತ್ತದೆ. ನೀವು ಬರೆದ 14,500 ಆಗ ಕೆಲಸಕ್ಕೆ ಬಾರದು. ಎಆರ್‌ಪಿ ಚಿಕ್ಕದಿದ್ದರೆ ಆ ಪ್ರವಾಹ ಹೆಚ್ಚೆಂದರೆ ನಾಲ್ಕೂವರೆ ನಿಮಿಷ. ಕಂಪ್ಯೂಟರ್ ಸೇರುವ ಪೋರ್ಟುಗಳಿಗೆ `spanning-tree portfast` ಹಾಕಿದರೆ, ಯಾರೋ ಲ್ಯಾಪ್‌ಟಾಪ್ ಕಿತ್ತು ಸಿಕ್ಕಿಸಿದ್ದಕ್ಕೆಲ್ಲ ಪಟ್ಟಿ ಅಳಿಯುವುದೂ ತಪ್ಪುತ್ತದೆ.

ಎರಡೂ ವಿಲ್ಯಾನ್‌ಗಳ ಗೇಟ್‌ವೇಯನ್ನು ಒಂದೇ ಸ್ವಿಚ್‌ಗೆ ಕೊಟ್ಟು ಇನ್ನೊಂದನ್ನು ಕಾಯಲು ಬಿಟ್ಟರೆ ಸಮಸ್ಯೆಯೇ ಹುಟ್ಟುವುದಿಲ್ಲ. ಸಣ್ಣ ಜಾಗದಲ್ಲಿ ಹೊರೆ ಹಂಚಿ ಸಿಗುವ ಲಾಭ ಅಷ್ಟಕ್ಕಷ್ಟೆ, ಹೊಸದಾಗಿ ಕಟ್ಟುವವರು ಇದನ್ನೇ ಮಾಡುವುದು ಮೇಲು. ಸಿಸ್ಕೊ ತನ್ನ ನೆಕ್ಸಸ್ 7000 ಸ್ವಿಚ್‌ಗಳಲ್ಲಿ ಎಆರ್‌ಪಿಗೆ 1,500, ಮ್ಯಾಕ್‌ಗೆ 1,800 ಸೆಕೆಂಡ್ ಎಂದು ಮೊದಲೇ ಕ್ರಮದಲ್ಲಿಟ್ಟಿದೆ. `switchport block unicast` ಎಂಬ ಇನ್ನೊಂದು ಆದೇಶವನ್ನೂ ಕೆಲವರು ಸೂಚಿಸುತ್ತಾರೆ. ಅದು ಗೊತ್ತಿಲ್ಲದ ಮ್ಯಾಕ್‌ಗೆ ಹೊರಟ ಪ್ಯಾಕೆಟ್ ಆ ಪೋರ್ಟಿಗೆ ಹೋಗದಂತೆ ತಡೆಯುತ್ತದೆ. ಕ್ಯಾಮೆರಾ ಪೋರ್ಟಿಗೆ ಸರಿ, ಕ್ಯಾಮೆರಾ ಸದಾ ಏನಾದರೂ ಕಳಿಸುತ್ತಲೇ ಇರುತ್ತದೆ. ಆದರೆ ತಾನಾಗಿ ಎಂದೂ ಮಾತಾಡದ, ಕೇಳಿದರಷ್ಟೇ ಉತ್ತರ ಕೊಡುವ ಬಾಗಿಲು ಬೀಗದ ಕಂಟ್ರೋಲರ್‌ನ ಪೋರ್ಟಿಗೆ ಅದನ್ನು ಹಾಕಿದರೆ, ಐದು ನಿಮಿಷ ಸುಮ್ಮನಿದ್ದ ತಪ್ಪಿಗೆ ಅದನ್ನು ಕೇಳುವ ಪ್ಯಾಕೆಟ್ಟೇ ಅದಕ್ಕೆ ಮುಟ್ಟುವುದಿಲ್ಲ.